ಮೆಕಾಲೆ ಆಡದ ಮಾತು

ಕಳೆದ ಸಂಚಿಕೆಯ ಲೇಖನವೊಂದು ಮೆಕಾಲೆಯ 'ಭಾಷಣ'ವನ್ನು ಆಧಾರವಾಗಿಟ್ಟುಕೊಂಡಿದೆ. ಭಾರತದ ಉದ್ದಗಲ ಸುತ್ತಿದರೂ ಒಬ್ಬ ಭಿಕ್ಷುಕನನ್ನಾಗಲಿ ಕಳ್ಳನನ್ನಾಗಲಿ ಕಾಣಲಿಲ್ಲವೆಂದು ಆತ 1835ರ ಫೆಬ್ರುವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದನಂತೆ. ವಾಟ್ಸ್ಆ್ಯಪ್‌ನಲ್ಲಿ ವರ್ಷಗಳಿಂದ ಓಡಾಡುತ್ತಿರುವ ಈ ಮಾತು ಸುಳ್ಳು.

ಮೊದಲು ದಿನಾಂಕ ನೋಡಿ. ಅಂದು ಮೆಕಾಲೆ ಇದ್ದದ್ದು ಲಂಡನ್ನಿನಲ್ಲಲ್ಲ, ಕಲ್ಕತ್ತೆಯಲ್ಲಿ. ಸಂಸತ್ ಸ್ಥಾನ ಬಿಟ್ಟು 1834ರ ಜೂನ್‌ನಲ್ಲಿ ಮದರಾಸಿಗೆ ಬಂದಿಳಿದವನು ಊರಿಗೆ ಮರಳಿದ್ದು 1838ರಲ್ಲಿ. ಇನ್ನು ಉದ್ದಗಲದ ಮಾತು: ಆವರೆಗೆ ಆತ ಕಂಡದ್ದು ಮದರಾಸಿನಿಂದ ನಮ್ಮ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮೂಲಕ ಊಟಿಗೆ ಹೋಗುವ ದಾರಿ, ಆಮೇಲೆ ಕಲ್ಕತ್ತೆ. ಉತ್ತರ ಭಾರತವನ್ನು ಆತ ಸುತ್ತಿರಲೇ ಇಲ್ಲ.

ಆ ದಿನಾಂಕದ ನಿಜವಾದ ದಾಖಲೆ ಶಿಕ್ಷಣದ ಬಗ್ಗೆ ಆತ ಬರೆದ ಟಿಪ್ಪಣಿ. 1920ರಲ್ಲಿ ಎಚ್. ಶಾರ್ಪ್ ಸಂಪಾದಿಸಿದ ಸರ್ಕಾರಿ ಶಿಕ್ಷಣ ದಾಖಲೆಗಳ ಸಂಪುಟದಲ್ಲಿ ಅದು ಪೂರ್ತಿಯಾಗಿದೆ. ಅದರಲ್ಲಿ ಭಿಕ್ಷುಕರ, ಕಳ್ಳರ ಮಾತಿಲ್ಲ. ಭಾರತದ ಹೊಗಳಿಕೆಯಂತೂ ಇಲ್ಲವೇ ಇಲ್ಲ. ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದು ಕಪಾಟಿನ ಸಾಲು ಭಾರತ ಮತ್ತು ಅರೇಬಿಯಾದ ಸಮಸ್ತ ಸಾಹಿತ್ಯಕ್ಕೆ ಸಮ ಎಂಬ ತಿರಸ್ಕಾರ ಅಲ್ಲಿದೆ. ರಕ್ತದಲ್ಲಿ ಭಾರತೀಯರಾಗಿ ಅಭಿರುಚಿಯಲ್ಲಿ ಇಂಗ್ಲಿಷರಾದ ವರ್ಗವೊಂದನ್ನು ಬೆಳೆಸುವ ಯೋಜನೆಯೂ ಇದೆ.

ಮೆಕಾಲೆಯನ್ನು ಟೀಕಿಸಲು ಲೇಖಕರಿಗೆ ಎಲ್ಲ ಹಕ್ಕೂ ಇದೆ. ನನ್ನದೂ ಅದೇ ನಿಲುವು. ಆದರೆ ನಕಲಿ ಮಾತು ಆತನನ್ನು ನಮ್ಮನ್ನು ಮೆಚ್ಚಿದವನನ್ನಾಗಿಸಿ, ನಿಜವಾದ ಅವಮಾನವನ್ನೇ ಮರೆಸುತ್ತದೆ. ಮುಂದಿನ ಸಂಚಿಕೆಯಲ್ಲಿ ದಯವಿಟ್ಟು ತಿದ್ದುಪಡಿ ಪ್ರಕಟಿಸಿ.