ಚಿಂಚೋಳಿಯ ಬಿಸಿಲಿಗೆ ಹೀಟ್ ಪಂಪ್ ಉತ್ತರವಲ್ಲ

ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ, ವಾಡಿ ಕಡೆ ಎಲೆಕ್ಟ್ರಿಕ್ ಕಾರಿನ ಮಾತು ಬಂದರೆ ಎರಡು ವಾದಗಳು ಕೇಳಿಬರುತ್ತವೆ. ಹೀಟ್ ಪಂಪ್ ಇರುವ ಕಾರು ಕೊಂಡರೆ ಬೇಸಿಗೆಯಲ್ಲೂ ಒಳಗೆ ತಂಪು, ಬ್ಯಾಟರಿಯೂ ದೂರದವರೆಗೆ ಬರುತ್ತದೆ ಎನ್ನುವುದು ಒಂದು. ಬಿಸಿಲುನಾಡಿಗೆ ಹೀಟರೇ ಬೇಡ, ಹಾಗಾಗಿ ಕಾರಿನೊಳಗಿನ ಈ ಶಾಖ ನಿರ್ವಹಣೆಯ ಏರ್ಪಾಟೆಲ್ಲ ದುಡ್ಡಿನ ದಂಡ ಎನ್ನುವುದು ಇನ್ನೊಂದು. ಮೊದಲನೆಯದು ಮಾರುವವರ ವಾದ, ಎರಡನೆಯದು ಅವರ ಮೇಲೆ ನಂಬಿಕೆ ಕಳೆದುಕೊಂಡವರ ವಾದ. ಎರಡೂ ತಪ್ಪು. ಯಾಕೆ ತಪ್ಪು ಎಂಬುದನ್ನು ಲೆಕ್ಕ ಸಮೇತ ಮುಂದಿಡುತ್ತೇನೆ, ತೀರ್ಪು ಓದುಗರದು.

ಮೊದಲ ವಾದ: “ಹೀಟ್ ಪಂಪ್ ಇದ್ದರೆ ಎ.ಸಿ. ಕಡಿಮೆ ಕರೆಂಟಿನಲ್ಲಿ ಓಡುತ್ತದೆ.” ಹೀಗೆ ಹೇಳುವವರೇ ಮುಂದಿನ ಮಾತಿನಲ್ಲಿ, “ಇದೇನು ಹೊಸ ಯಂತ್ರವಲ್ಲ, ಎ.ಸಿ.ಯನ್ನೇ ತಿರುಗಿಸಿ ಓಡಿಸುವುದು, ಕೆಡುವ ಭಯ ಬೇಡ” ಎಂದು ಧೈರ್ಯ ತುಂಬುತ್ತಾರೆ. ಎರಡನೆಯ ಮಾತು ನಿಜ. ನಿಜವಾದ್ದರಿಂದಲೇ ಮೊದಲನೆಯದು ಸುಳ್ಳಾಗುತ್ತದೆ. ಎ.ಸಿ.ಯಲ್ಲಿ ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ, ಕಾರಿನ ಮುಂಭಾಗದ ಕಂಡೆನ್ಸರ್‌ನಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ, ಒಳಗಿನ ಇವ್ಯಾಪರೇಟರ್‌ನಲ್ಲಿ ಆವಿಯಾಗುತ್ತ ನಮ್ಮ ಶಾಖವನ್ನು ಹೀರಿಕೊಳ್ಳುತ್ತದೆ. ಹೀಟ್ ಪಂಪ್ ಇರುವ ಕಾರಿನಲ್ಲಿ ಹೆಚ್ಚಿಗೆ ಇರುವುದು ಈ ಹರಿವನ್ನು ತಿರುಗಿಸುವ ವಾಲ್ವುಗಳು ಮತ್ತು ಒಂದೆರಡು ಶಾಖ ವಿನಿಮಯದ ಭಾಗಗಳು. ತಂಪು ಮಾಡುವಾಗ ಅದೇ ಕಂಪ್ರೆಸರ್ ಅದೇ ದಿಕ್ಕಿನಲ್ಲಿ ಅದೇ ಕೆಲಸ ಮಾಡುತ್ತದೆ. ಉಳಿತಾಯ ಬರುವುದು ಬಿಸಿ ಮಾಡುವಾಗ ಮಾತ್ರ. ಸಾಮಾನ್ಯ ಹೀಟರಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ. ಹೀಟ್ ಪಂಪ್ ಹೊರಗಿನ ಗಾಳಿಯಿಂದಲೂ ಶಾಖ ಎಳೆದು, ಹದವಾದ ಚಳಿಯಲ್ಲಿ ಅದೇ ಕರೆಂಟಿಗೆ ಎರಡು ಮೂರು ಯೂನಿಟ್ ಕೊಡುತ್ತದೆ. ಹೀಟರಿನ ಜಾಗಕ್ಕೆ ಬಂದಾಗ ಅದು ಗೆದ್ದೀತು. ಮೇ ತಿಂಗಳ ಚಿಂಚೋಳಿಯಲ್ಲಿ ಹೀಟರ್ ಹಾಕುವವರು ಯಾರು?

ಇದಕ್ಕೆ ಬರುವ ಮರುಮಾತು, “ಹೊಸ ಬಗೆಯ ಹೀಟ್ ಪಂಪುಗಳಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ ಬಳಸುತ್ತಾರೆ, ಅದು ಇನ್ನೂ ಉತ್ತಮ.” ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಎಲೆಕ್ಟ್ರಿಕ್ ಕಾರುಗಳಿಗೆ ಇಂಥದ್ದನ್ನು ಕೊಟ್ಟದ್ದು ಹೌದು. ಕೊರೆಯುವ ಚಳಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುವುದೂ ಹೌದು. ಆದರೆ 31 ಡಿಗ್ರಿ ದಾಟಿದ ಮೇಲೆ ಆ ಅನಿಲವನ್ನು ಎಷ್ಟು ಒತ್ತಿದರೂ ಅದು ದ್ರವವಾಗುವುದಿಲ್ಲ. ಹೊರಗಿನ ಗಾಳಿಯೇ 42 ಡಿಗ್ರಿ ಇರುವಾಗ ಕಂಡೆನ್ಸರ್ ತನ್ನ ಮುಖ್ಯ ಕೆಲಸವನ್ನೇ ಕಳೆದುಕೊಳ್ಳುತ್ತದೆ, ಕಂಪ್ರೆಸರ್ ಹೆಚ್ಚು ಒತ್ತಡದಲ್ಲಿ ಹೆಚ್ಚು ಕರೆಂಟು ತಿನ್ನುತ್ತದೆ. ಉತ್ತರ ಯುರೋಪಿನ ಚಳಿಗೆ ಮಾಡಿದ ಗುಣವನ್ನು ನಮ್ಮ ಬಿಸಿಲಿಗೆ ಗುಣವೆಂದು ಮಾರುವುದು ಸರಿಯಲ್ಲ.

ಮುಂದಿನ ವಾದ ಅಂಕಿಗಳದು: “ಹೀಟ್ ಪಂಪ್ ಇದ್ದರೆ ರೇಂಜ್ ಇಷ್ಟು ಶೇಕಡ ಹೆಚ್ಚುತ್ತದೆ ಎಂದು ಕಂಪನಿಯೇ ಬರೆದಿದೆ.” ಬರೆದಿರಬಹುದು, ಆದರೆ ಯಾವ ಹವೆಯಲ್ಲಿ ಅಳೆದದ್ದು ಎಂದು ಕೇಳಿ. ಅಮೆರಿಕದ ವಾಹನ ಮಾಲೀಕರ ಸಂಸ್ಥೆ ಎಎಎ 2019ರಲ್ಲಿ ಐದು ಎಲೆಕ್ಟ್ರಿಕ್ ಕಾರುಗಳನ್ನು ಪರೀಕ್ಷಿಸಿತು. ಸುಮಾರು ಮೈನಸ್ 7 ಡಿಗ್ರಿ ಚಳಿಯಲ್ಲಿ ಹೀಟರ್ ಹಾಕಿ ಓಡಿಸಿದಾಗ ರೇಂಜ್ ಸರಾಸರಿ ಶೇ 41ರಷ್ಟು ಕುಸಿಯಿತು. 35 ಡಿಗ್ರಿಯಲ್ಲಿ ಎ.ಸಿ. ಹಾಕಿದಾಗ ಕುಸಿದದ್ದು ಶೇ 17. ಹೀಟ್ ಪಂಪ್ ತುಂಬಿಕೊಡುವುದು ಮೊದಲನೆಯ ನಷ್ಟದ ಒಂದು ಪಾಲನ್ನು. ನಮ್ಮ ನಷ್ಟ ಎರಡನೆಯದು. ಇನ್ನೊಂದು ಸಂಗತಿಯನ್ನು ಇವರು ಹೇಳುವುದೇ ಇಲ್ಲ. ನಮ್ಮ ದೇಶದ ಕಾರುಗಳ ಮೇಲೆ ಬರೆಯುವ ಪ್ರಮಾಣಿತ ರೇಂಜ್ ಎ.ಸಿ. ಆರಿಸಿಟ್ಟು ಮಾಡಿದ ಪರೀಕ್ಷೆಯದು. ಎ.ಸಿ. ಇಲ್ಲದೆ ಅಳೆದ ಅಂಕಿಗೆ, ಚಳಿಯಲ್ಲಿ ಅಳೆದ ಶೇಕಡಾವನ್ನು ಕೂಡಿಸಿ, 42 ಡಿಗ್ರಿಯಲ್ಲಿ ಓಡಿಸುವವನಿಗೆ ಹೇಳಿದರೆ ಅದನ್ನು ಲೆಕ್ಕವೆನ್ನಲಾಗದು.

ಲೆಕ್ಕ ಹೀಗಿರಬೇಕು. ಚಿಂಚೋಳಿಯಿಂದ ಕಲಬುರಗಿ ಸುಮಾರು 85 ಕಿಲೋಮೀಟರ್, ರಸ್ತೆಯ ಸ್ಥಿತಿ ನೋಡಿಕೊಂಡು ಎರಡು ತಾಸು ಹಿಡಿಯೋಣ. 30 ಯೂನಿಟ್ ಬ್ಯಾಟರಿಯ ಸಣ್ಣ ಕಾರು ಓಡುವುದಕ್ಕೇ ಸುಮಾರು 11 ಯೂನಿಟ್ ತೆಗೆದುಕೊಳ್ಳುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ 60 ಡಿಗ್ರಿ ಇರುತ್ತದೆ. ಅದನ್ನು ತಂಪಿಗೆ ತರುವ ಮೊದಲ ಕಾಲು ತಾಸು ಎ.ಸಿ. 3 ಕಿಲೋವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ, ಆಮೇಲೆ 1.2 ಕಿಲೋವ್ಯಾಟ್‌ಗೆ ಇಳಿಯುತ್ತದೆ. ಎರಡು ತಾಸಿಗೆ ಒಟ್ಟು 2.85 ಯೂನಿಟ್ ಆಯಿತು. ಎ.ಸಿ. ಇಲ್ಲದೆ 230 ಕಿಲೋಮೀಟರ್ ಬರಬೇಕಾದ ಬ್ಯಾಟರಿ 184ಕ್ಕೆ ಮುಗಿಯುತ್ತದೆ. ಹೋಗಿ ಬರುವ ದಾರಿ 170. ಹೀಟ್ ಪಂಪ್ ಇದ್ದರೂ ಇಲ್ಲದಿದ್ದರೂ ಈ ಅಂಕಿ ಬದಲಾಗುವುದಿಲ್ಲ. ಬದಲಾಗುವುದು ಹೊರಗಾಳಿಯ ಗುಂಡಿಯಿಂದ. 42 ಡಿಗ್ರಿಯ ಗಾಳಿಯನ್ನು ಒಳಗೆಳೆದು 24ಕ್ಕೆ ಇಳಿಸುವ ಬದಲು ಒಳಗಿನ ಗಾಳಿಯನ್ನೇ ಸುತ್ತಿಸಿದರೆ ಸುಮಾರು ಅರ್ಧ ಕಿಲೋವ್ಯಾಟ್ ಉಳಿಯುತ್ತದೆ. ಮೇಲಿನ 184 ಬಂದದ್ದು ಒಳಗಾಳಿ ಸುತ್ತಿಸಿಯೇ. ಹೊರಗಾಳಿ ತೆರೆದಿಟ್ಟರೆ ಅದು 172ಕ್ಕೆ ಇಳಿಯುತ್ತದೆ, ಮನೆ ಮುಟ್ಟುವುದೇ ಅನುಮಾನ. ನಾಲ್ಕೈದು ಜನ ಕೂತಿದ್ದರೆ ಅರ್ಧ ತಾಸಿಗೊಮ್ಮೆ ಒಂದೆರಡು ನಿಮಿಷ ಹೊರಗಾಳಿ ಬಿಡಲೇಬೇಕು, ಇಲ್ಲದಿದ್ದರೆ ಚಾಲಕನಿಗೆ ಮಂಪರು ಬರುತ್ತದೆ. ಎ.ಸಿ.ಯ ಖರ್ಚು ತಾಸಿನ ಲೆಕ್ಕದಲ್ಲಿ ಬೀಳುವುದರಿಂದ ತಗ್ಗುದಿಣ್ಣೆಯ ರಸ್ತೆಯಲ್ಲಿ ನಿಧಾನ ಹೋದಷ್ಟೂ ಪ್ರತಿ ಕಿಲೋಮೀಟರಿಗೆ ಅದರ ಪಾಲು ಏರುತ್ತದೆ.

“ಚಳಿಗಾಲದಲ್ಲಾದರೂ ಉಪಯೋಗವಿದೆಯಲ್ಲ?” ಇದೆ. ಡಿಸೆಂಬರಿನ ಮುಂಜಾನೆ ಅರ್ಧ ತಾಸು ಹೀಟರ್ ಬೇಕಾದೀತು. ಅದರಲ್ಲಿ ಹೀಟ್ ಪಂಪ್ ಉಳಿಸುವುದು ಹೆಚ್ಚೆಂದರೆ ಎರಡು ಕಿಲೋಮೀಟರಿನ ಕರೆಂಟು. ಅದಕ್ಕೆ ಎಷ್ಟು ಹಣ ತೆರಬಹುದೆಂದು ಕೊಳ್ಳುವವರೇ ಹೇಳಲಿ.

ಇನ್ನು ಎದುರು ಪಕ್ಷದವರ ಸರದಿ. “ಹೀಟರ್ ಬೇಡದ ಊರಿಗೆ ಶಾಖ ನಿರ್ವಹಣೆಯೂ ಬೇಡ, ಗಾಳಿಗೇ ತಣಿಯುವ ಬ್ಯಾಟರಿಯ ಅಗ್ಗದ ಕಾರು ಸಾಕು” ಎನ್ನುತ್ತಾರೆ ಇವರು. ಹೀಟ್ ಪಂಪ್ ಬೇಡ ಎಂಬಲ್ಲಿಂದ ತಣಿಸುವುದೇ ಬೇಡ ಎಂಬಲ್ಲಿಗೆ ಹಾರಿದ್ದು ಹೇಗೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಬೇಸಿಗೆಯ ಝಳಕ್ಕೆ ಹೆದರಿ ಏಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ವಿಭಾಗ ನಮ್ಮದು. ಅಧಿಕಾರಿಗೆ ತಡೆಯದ ಬಿಸಿ ಬ್ಯಾಟರಿಗೆ ತಡೆಯುತ್ತದೆಯೇ? ಇದಕ್ಕೆ ಸಾಕ್ಷಿ ನಿಸಾನ್ ಲೀಫ್ ಕಾರಿನದು. ಅದರ ಬ್ಯಾಟರಿಗೆ ದ್ರವದಿಂದ ತಣಿಸುವ ಏರ್ಪಾಟು ಇರಲಿಲ್ಲ. 2012ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ, ನಮ್ಮಂತೆಯೇ 40 ದಾಟುವ ಬೇಸಿಗೆಯ ಊರಿನಲ್ಲಿ, ಹೊಸ ಲೀಫ್‌ಗಳ ಬ್ಯಾಟರಿ ಒಂದೆರಡು ವರ್ಷದಲ್ಲೇ ಸವೆಯತೊಡಗಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು, ಬ್ಯಾಟರಿಯ ಸಾಮರ್ಥ್ಯಕ್ಕೂ ಕಂಪನಿ ವಾರಂಟಿ ಕೊಡಬೇಕಾಯಿತು. ಅದೇ ಲೀಫ್‌ಗೆ 2013ರ ಮಾದರಿಯಲ್ಲಿ ಹೀಟ್ ಪಂಪ್ ಬಂತು, ಬ್ಯಾಟರಿ ತಣಿಸುವ ಏರ್ಪಾಟು ಬರಲಿಲ್ಲ. ಒಂದೇ ಕಾರು ಎರಡೂ ಪಕ್ಷದ ಬಾಯಿ ಮುಚ್ಚಿಸುತ್ತದೆ: ಹೀಟ್ ಪಂಪ್ ಬೇರೆ, ಬ್ಯಾಟರಿಯ ತಂಪು ಬೇರೆ, ಬಿಸಿಲಿನ ಊರಿಗೆ ಬೇಕಾದದ್ದು ಎರಡನೆಯದು.

ಆ ತಂಪು ಎಲ್ಲಿಂದ ಬರುತ್ತದೆ ಎಂಬುದನ್ನು ಇಬ್ಬರೂ ಬಿಟ್ಟುಬಿಡುತ್ತಾರೆ. ಒಳ್ಳೆಯ ಕಾರಿನಲ್ಲಿ ಬ್ಯಾಟರಿಯ ಸುತ್ತ ಕೂಲೆಂಟ್ ಹರಿಯುತ್ತದೆ. ಆ ಕೂಲೆಂಟನ್ನು ಚಿಲ್ಲರ್ ಎಂಬ ಭಾಗದಲ್ಲಿ ತಣಿಸುವುದು ನಮ್ಮನ್ನು ತಣಿಸುವ ಅದೇ ಕಂಪ್ರೆಸರ್. ಫಾಸ್ಟ್ ಚಾರ್ಜಿಂಗ್ ವೇಳೆ ಬ್ಯಾಟರಿ ತಾನೇ ಬಿಸಿಯಾಗುತ್ತದೆ, ಹೊರಗೆ 42 ಡಿಗ್ರಿ, ಒಳಗೆ ಕೂತವರಿಗೂ ತಂಪು ಬೇಕು. ಕಂಪ್ರೆಸರ್ ಸಣ್ಣದಾದರೆ ಯಾರಾದರೊಬ್ಬರು ಬಿಟ್ಟುಕೊಡಬೇಕು: ಎ.ಸಿ. ಗಾಳಿ ಬೆಚ್ಚಗಾಗುತ್ತದೆ, ಇಲ್ಲವೇ ಚಾರ್ಜಿಂಗ್ ನಿಧಾನವಾಗುತ್ತದೆ. ಕಂಡುಹಿಡಿಯುವುದು ಸುಲಭ. ಬ್ಯಾಟರಿ ಶೇ 80 ದಾಟಿದ ಮೇಲೆ ಚಾರ್ಜಿಂಗ್ ವೇಗ ಇಳಿಯುವುದು ಸಹಜ. ಇನ್ನೂ ಶೇ 40, 50ರಲ್ಲಿರುವಾಗಲೇ ಚಾರ್ಜರಿನ ಪರದೆಯಲ್ಲಿ ಕಿಲೋವ್ಯಾಟ್ ಅರ್ಧಕ್ಕೆ ಬಿದ್ದು, ತಂಪು ಹೊತ್ತಿನಲ್ಲಿ ಅದೇ ಚಾರ್ಜರಿನಲ್ಲಿ ಹಾಗಾಗದಿದ್ದರೆ, ಮಿತಿ ಹಾಕುತ್ತಿರುವುದು ಬಿಸಿಯೇ.

ವಾಡಿ, ಶಹಾಬಾದ, ಸೇಡಂ ಕಡೆಯವರಿಗೆ ಇನ್ನೂ ಒಂದು ಸಂಗತಿ ಮುಖ್ಯ. ಸಿಮೆಂಟಿನ ಮತ್ತು ಕಲ್ಲುಗಣಿಯ ದೂಳು ಕಂಡೆನ್ಸರ್‌ನ ತೆಳು ರೆಕ್ಕೆಗಳ ನಡುವೆ ಕೂತುಬಿಡುತ್ತದೆ. ಶಾಖ ಹೊರಹೋಗದೆ ಒತ್ತಡ ಏರಿ, ಕಂಪ್ರೆಸರ್ ಹೆಚ್ಚು ಕರೆಂಟು ತಿಂದು ಕಡಿಮೆ ತಂಪು ಕೊಡುತ್ತದೆ. ಓಡುವಾಗ ಎ.ಸಿ. ತಂಪಾಗಿದ್ದು ರೈಲ್ವೆ ಗೇಟಿನಲ್ಲಿ ನಿಂತೊಡನೆ ಬೆಚ್ಚಗಾದರೆ, ಮುಂದಿನ ಫ್ಯಾನ್ ಜೋರಾಗಿ ಕೂಗಿದರೆ, ಮೊದಲ ಅನುಮಾನ ಕಂಡೆನ್ಸರ್ ಮೇಲಿರಲಿ. ಕಡಿಮೆ ಒತ್ತಡದ ನೀರಿನಿಂದ ತೊಳೆಸಿದರೆ ಸಿಗುವ ಲಾಭ ಬೇಸಿಗೆಯಲ್ಲಿ ಯಾವ ಹೀಟ್ ಪಂಪಿನಿಂದಲೂ ಸಿಗದು.

“ಅಷ್ಟೆಲ್ಲ ಯಾಕೆ, ಎ.ಸಿ. ಆರಿಸಿ ಗ್ಲಾಸ್ ಇಳಿಸಿದರಾಯಿತು” ಎನ್ನುವ ಉಳಿತಾಯದವರೂ ಇದ್ದಾರೆ. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಮೈಗೆ ಬಡಿದಷ್ಟೂ ಶಾಖ ತುಂಬುತ್ತದೆ, ಬೆವರೊಂದೇ ಅದನ್ನು ತಡೆಯಬೇಕು. ಹಿಂದಿನ ಸೀಟಿನಲ್ಲಿ ಮುದುಕರೋ ಎಳೆ ಮಗುವೋ ಇರುವಾಗ ಇದು ಉಳಿತಾಯವಲ್ಲ, ಅಪಾಯ. ಗ್ಲಾಸ್ ಇಳಿಸಬೇಕಾದದ್ದು ಹೊರಡುವಾಗಿನ ಮೊದಲ ಒಂದು ನಿಮಿಷ. ಆಗ ಒಳಗಿನ 60 ಡಿಗ್ರಿಗಿಂತ ಹೊರಗಿನ 42 ಮೇಲು.

“ಪೆಟ್ರೋಲ್ ಕಾರಿಗೆ ಈ ತೊಂದರೆಯೇ ಇಲ್ಲ” ಎಂಬುದು ಕೊನೆಯ ವಾದ. ಅಲ್ಲೂ ಎ.ಸಿ.ಗೆ ಶಕ್ತಿ ಎಂಜಿನ್ನಿಂದಲೇ ಹೋಗುತ್ತದೆ. ಇಂಧನದ ಬಹುಪಾಲನ್ನು ಎಂಜಿನ್ ಮೊದಲೇ ಶಾಖವಾಗಿ ಕಳೆದಿರುವುದರಿಂದ ಎ.ಸಿ.ಯ ಪಾಲು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಕಾರು ಕೊಳ್ಳುವವರಲ್ಲಿ ಕೇಳಿಕೊಳ್ಳುವುದಿಷ್ಟು. ಹೀಟ್ ಪಂಪ್ ಇದೆಯೇ ಎಂದು ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಬ್ಯಾಟರಿಯನ್ನು ತಣಿಸಲು ಕೂಲೆಂಟ್ ಮತ್ತು ಚಿಲ್ಲರ್ ಎರಡೂ ಇವೆಯೇ? ಪ್ಲಗ್ಗಿನಲ್ಲಿರುವಾಗಲೇ, ಮನೆಯ ಕರೆಂಟಿನಿಂದ, ಹೊರಡುವ ಮುಂಚೆ ಕಾರನ್ನು ತಂಪು ಮಾಡಬಹುದೇ? ಎ.ಸಿ. ಹಾಕಿ 40 ಡಿಗ್ರಿ ಮೇಲಿನ ಬಿಸಿಲಲ್ಲಿ ಎಷ್ಟು ದೂರ ಬರುತ್ತದೆ ಎಂದು ಬರೆದು ಕೊಡುತ್ತೀರಾ? ಟೆಸ್ಟ್ ಡ್ರೈವ್ ಮುಂಜಾನೆ ಬೇಡ, ಮೇ ತಿಂಗಳ ಮಧ್ಯಾಹ್ನ 2 ಗಂಟೆಗೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೇ ಆಗಲಿ.