ಒಂಬತ್ತು ಕಂಬದಲ್ಲಿ ಒಂದು ಎಲ್ಲಿ ಹೋಯ್ತು?

ರಾಜ್ಯೋತ್ಸವದ ಎಕ್ಸಿಬಿಷನ್‌ಗೆ ನಾವು ಮಾಡಿಸಿದ್ದ ಹನ್ನೆರಡು ಅಡಿ ಬ್ಯಾನರ್ ನಿಮಗೆ ನೆನಪಿರಬಹುದು. ಲೈಬ್ರರಿ ಕಟ್ಟಡದ ಪನೋರಮಾ, ಮುಂದೆ ಶೀಟ್ ಹೊದಿಸಿದ ನಡೆದಾರಿ, ಅದರ ಕಬ್ಬಿಣದ ಕಂಬಗಳು. ಐದು ಫೋಟೋಗಳನ್ನ ಓಪನ್‌ಸಿವಿಯಲ್ಲಿ ಜೋಡಿಸಿದ್ದು. ಎಲ್ಲೂ ಹೊಲಿಗೆ ಕಾಣಲ್ಲ ಅಂತ ನಾವೇ ನಮ್ಮ ಬೆನ್ನು ತಟ್ಟಿಕೊಂಡಿದ್ದೆವು. ಎರಡನೇ ದಿನ ಲೈಬ್ರರಿ ಅಟೆಂಡರ್ ಅಣ್ಣ ಬಂದು ಬ್ಯಾನರ್ ಮುಂದೆ ಸುಮಾರು ಹೊತ್ತು ನಿಂತರು. ಆಮೇಲೆ ಕೇಳಿದರು: "ಏನ್ರಪ್ಪಾ, ನಾನು ಕೊಡೆ ನೇತು ಹಾಕೋ ಕಂಬ ಎಲ್ಲಿ?"

ಎಣಿಸಿದೆವು. ನಡೆದಾರಿಯಲ್ಲಿ ಒಂಬತ್ತು ಕಂಬ ಇವೆ. ಬ್ಯಾನರ್‌ನಲ್ಲಿ ಎಂಟು. ಎಡದಿಂದ ಮೂರನೇದು ಇಲ್ಲವೇ ಇಲ್ಲ. ಅದರ ನೆರಳಿನ ತುದಿ ಮಾತ್ರ ಗೋಡೆ ಬುಡದ ಹತ್ತಿರ ನೆಲದ ಮೇಲೆ ಆರಾಮಾಗಿ ಬಿದ್ದಿದೆ!

ಈ ಲೇಖನ ಬರೆಯೋಕೆ ಕಾರಣ ಆ ಕಂಬ. ನಮ್ಮಲ್ಲಿ ಪನೋರಮಾ ಅಂದ್ರೆ ಇಷ್ಟೇ ಕೋಡ್:

```python
st = cv2.Stitcher_create(cv2.Stitcher_PANORAMA)
status, pano = st.stitch(imgs)
```

`status` ಸೊನ್ನೆ ಬಂದ್ರೆ ಕೆಲಸ ಆಯ್ತು, ರೆಕಾರ್ಡ್ ಬುಕ್‌ಗೆ ಪ್ರಿಂಟ್ ಅಂಟಿಸಿ ಆಯ್ತು. ನಮ್ಮ ವಾದ ಏನಂದ್ರೆ, ಈ ಎರಡು ಸಾಲು ಮೊದಲು ಕಲಿಯೋದು ತಪ್ಪು. ಹೊಲಿಗೆ ಕಾಣೋ ಪನೋರಮಾನ ಮೊದಲು ನೋಡಬೇಕು. ಹೊಲಿಗೆ ಅನ್ನೋದು ಫೋಟೋ ತೆಗೆಯುವಾಗ ನಾವು ಮಾಡಿದ ತಪ್ಪಿನ ಗುರುತು. `Stitcher` ಆ ಗುರುತನ್ನ ಒರೆಸಿಬಿಡುತ್ತೆ, ತಪ್ಪನ್ನ ಅಲ್ಲೇ ಬಿಡುತ್ತೆ.

ಕಂಬ ಹೇಗೆ ಮಾಯ ಆಯ್ತು ಅಂತ ನೋಡೋಣ. ನಾವು ಎಲ್ಲರ ಹಾಗೆ ಕೈ ಮುಂದೆ ಚಾಚಿ ಫೋನ್ ಹಿಡಿದು, ನಿಂತಲ್ಲೇ ಎಡದಿಂದ ಬಲಕ್ಕೆ ತಿರುಗುತ್ತಾ ಫೋಟೋ ತೆಗೆದಿದ್ದೆವು. ತಿರುಗಿದ್ದು ನಾವು. ಆದರೆ ಫೋನ್ ನಮ್ಮ ಸುತ್ತ ಅರ್ಧ ಮೀಟರ್ ತ್ರಿಜ್ಯದ ವೃತ್ತದಲ್ಲಿ ಓಡಾಡಿದೆ. ಎರಡು ಫೋಟೋ ನಡುವೆ 20 ಡಿಗ್ರಿ ತಿರುಗಿದ್ರೆ ಕ್ಯಾಮೆರಾ ಸುಮಾರು 17 ಸೆಂಟಿಮೀಟರ್ ಬಲಕ್ಕೆ ಸರಿದಿರುತ್ತೆ. ಹೆಬ್ಬೆರಳನ್ನ ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ: ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಹಾರುತ್ತೆ. ಇದೇ ಪ್ಯಾರಲ್ಯಾಕ್ಸ್. ನಮ್ಮ ಎರಡು ಕಣ್ಣಿನ ನಡುವೆ ಆರೇಳು ಸೆಂಟಿಮೀಟರ್ ಅಂತರಕ್ಕೇ ಅಷ್ಟು ಹಾರಿದ್ರೆ, 17ಕ್ಕೆ ಎಷ್ಟು?

ಲೆಕ್ಕ ಸುಲಭ. ವಸ್ತು ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಸರಿಯುತ್ತೆ ಅಂದ್ರೆ `f * t / Z`. ಇಲ್ಲಿ `f` ಪಿಕ್ಸೆಲ್‌ನಲ್ಲಿ ಫೋಕಲ್ ಲೆಂತ್, `t` ಕ್ಯಾಮೆರಾ ಸರಿದ ದೂರ, `Z` ವಸ್ತು ಇರೋ ದೂರ. ನಮ್ಮ ಫೋನಿನ 4000 ಪಿಕ್ಸೆಲ್ ಅಗಲದ ಫೋಟೋಗೆ `f` ಹೆಚ್ಚು ಕಮ್ಮಿ 3000. ಕಂಬ 3 ಮೀಟರ್ ದೂರ, ಹಿಂದಿನ ಲೈಬ್ರರಿ ಗೋಡೆ 12 ಮೀಟರ್ ದೂರ. ಹಾಗಾದ್ರೆ ಗೋಡೆ ಸರಿಯೋದು ಸುಮಾರು 42 ಪಿಕ್ಸೆಲ್, ಕಂಬ ಸರಿಯೋದು 170. ವ್ಯತ್ಯಾಸ ಸುಮಾರು 127 ಪಿಕ್ಸೆಲ್.

ಈ ವ್ಯತ್ಯಾಸವನ್ನ ಯಾವ ಹೋಮೋಗ್ರಫಿಯೂ ಸರಿಮಾಡಲ್ಲ. 3×3 ಮ್ಯಾಟ್ರಿಕ್ಸ್ ಎರಡು ಫೋಟೋಗಳನ್ನ ಸರಿಯಾಗಿ ಕೂರಿಸೋದು ಎರಡೇ ಸಂದರ್ಭದಲ್ಲಿ: ಕ್ಯಾಮೆರಾ ಜಾಗ ಬಿಡದೆ ಬರೀ ತಿರುಗಿರಬೇಕು, ಇಲ್ಲಾ ನೋಡ್ತಿರೋದೆಲ್ಲ ಒಂದೇ ಸಮತಲದಲ್ಲಿ ಇರಬೇಕು. ನಮ್ಮದು ಎರಡೂ ಅಲ್ಲ. ಆಗ ರಾನ್ಸಾಕ್ ಬಹುಮತದ ಕಡೆ ಹೋಗುತ್ತೆ. ಲೈಬ್ರರಿ ಗೋಡೆಯಲ್ಲಿ ಕಿಟಕಿ, ಗ್ರಿಲ್, ಬೋರ್ಡು ಅಂತ ನೂರಾರು ಫೀಚರ್ ಇವೆ. ನುಣುಪಾದ ಕಂಬದಲ್ಲಿ ಏನಿದೆ? ಗೋಡೆ ಗೆದ್ದಿತು, ಕಂಬದ ಪಾಯಿಂಟ್‌ಗಳೆಲ್ಲ ಔಟ್‌ಲೈಯರ್ ಆಗಿ ಆಚೆ ಬಿದ್ದವು.

ಈಗ ಮುಖ್ಯವಾದ ಜಾಗಕ್ಕೆ ಬಂದೆವು. ಗೋಡೆಯನ್ನ ಗೋಡೆ ಮೇಲೆ ಸರಿಯಾಗಿ ಕೂರಿಸಿದಾಗ, ಬಲಗಡೆ ಫೋಟೋದ ಕಂಬ ಎಡಗಡೆ ಫೋಟೋದ ಕಂಬಕ್ಕಿಂತ 127 ಪಿಕ್ಸೆಲ್ ಎಡಕ್ಕೆ ಕೂರುತ್ತೆ. ಕಂಬದ ದಪ್ಪ 8 ಸೆಂಟಿಮೀಟರ್, ಅಂದ್ರೆ ಚಿತ್ರದಲ್ಲಿ 80 ಪಿಕ್ಸೆಲ್. ಹಾಗಾಗಿ ಎರಡು ಕಂಬದ ಪ್ರತಿಗಳ ನಡುವೆ ಸುಮಾರು 47 ಪಿಕ್ಸೆಲ್ ಸಂದು ಇದೆ. ಆ ಸಂದಿಯಲ್ಲಿ ಎರಡೂ ಫೋಟೋ ತೋರಿಸೋದು ಒಂದೇ ಬಣ್ಣದ ಬೋಳು ಗೋಡೆ. `Stitcher` ಒಳಗಿನ ಗ್ರಾಫ್‌ಕಟ್‌ಗೆ ಬೇಕಾಗಿರೋದು ಇದೇ: ಎರಡು ಫೋಟೋಗಳ ಬಣ್ಣ ಹೆಚ್ಚು ಹೊಂದೋ ದಾರಿ. ಪಕ್ಕದ ಗ್ರಿಲ್‌ಗಳ ಮೇಲೆ ಹೋಗೋದಕ್ಕಿಂತ ಈ ಸಂದು ಅದಕ್ಕೆ ಅಗ್ಗ. ಹೊಲಿಗೆ ಅಲ್ಲಿ ಹಾಕಿತು. ಹೊಲಿಗೆಯ ಎಡಕ್ಕೆ ಎಡಗಡೆ ಫೋಟೋ, ಬಲಕ್ಕೆ ಬಲಗಡೆ ಫೋಟೋ. ಆದರೆ ಎಡ ಫೋಟೋದ ಕಂಬ ಹೊಲಿಗೆಯ ಬಲಕ್ಕಿದೆ, ಬಲ ಫೋಟೋದ್ದು ಎಡಕ್ಕಿದೆ. ಎರಡೂ ಕತ್ತರಿಗೆ ಸಿಕ್ಕವು.

ಮೇಲಿನ ಶೀಟಾದ್ರೂ ಮುರಿದು ಕಾಣಬೇಕಿತ್ತಲ್ವಾ ಅಂತ ನೀವು ಕೇಳಬಹುದು, ನಾವೂ ಕೇಳಿಕೊಂಡೆವು. ಶೀಟಿನ ಅಂಚು ಉದ್ದಕ್ಕೆ ಅಡ್ಡಗೆರೆ. ಅಡ್ಡಗೆರೆಯನ್ನ ಅಡ್ಡಕ್ಕೇ ಸರಿಸಿದ್ರೆ ಯಾರಿಗೂ ಗೊತ್ತಾಗಲ್ಲ. ಉಳಿದ ಸಣ್ಣಪುಟ್ಟ ಬಣ್ಣದ ವ್ಯತ್ಯಾಸವನ್ನ ಮಲ್ಟಿಬ್ಯಾಂಡ್ ಬ್ಲೆಂಡಿಂಗ್ ನುಣ್ಣಗೆ ಸವರಿತು. ನೆರಳಿನ ತುದಿ ಗೋಡೆಯಷ್ಟೇ ದೂರದಲ್ಲಿ ಬಿದ್ದಿದ್ದರಿಂದ ಅದು ಗೋಡೆ ಜೊತೆ ಸರಿಯಾಗಿ ಕೂತಿತ್ತು, ಬದುಕಿಕೊಂಡಿತು. (ಸಾಕ್ಷಿ ಬಿಟ್ಟು ಹೋದ ಕಳ್ಳನ ಹಾಗೆ.)

ಹಾಗಾದ್ರೆ ಏನು ನೋಡಬೇಕಿತ್ತು? ಬ್ಲೆಂಡಿಂಗ್ ಇಲ್ಲದ, ಸೀಮ್ ಹುಡುಕದ, ಬರೀ ಅರ್ಧ-ಅರ್ಧ ಬೆರಕೆ. ಫೀಚರ್ ಮ್ಯಾಚ್ ಆದಮೇಲೆ ಐದು ಸಾಲು:

```python
H, ok = cv2.findHomography(ptsB, ptsA, cv2.RANSAC, 3.0)
h, w = A.shape[:2]
wB = cv2.warpPerspective(B, H, (2*w, h))
cA = cv2.copyMakeBorder(A, 0, 0, 0, w, cv2.BORDER_CONSTANT)
cv2.imwrite("half.jpg", cv2.addWeighted(cA, 0.5, wB, 0.5, 0))
```

ಇಲ್ಲಿ `A` ಎಡಗಡೆ ಫೋಟೋ, `B` ಬಲಗಡೆದು. `half.jpg` ನೋಡೋಕೆ ಚೆನ್ನಾಗಿರಲ್ಲ, ಆದರೆ ಸುಳ್ಳು ಹೇಳಲ್ಲ. ನಮ್ಮದರಲ್ಲಿ ಗೋಡೆ ಚೂಪಾಗಿತ್ತು, ಕಂಬ ಮಾತ್ರ ದೆವ್ವದ ಹಾಗೆ ಎರಡೆರಡು. ಹತ್ತಿರದ ವಸ್ತು ಮಾತ್ರ ಎರಡಾಗಿ ಕಂಡ್ರೆ ಅದು ಪ್ಯಾರಲ್ಯಾಕ್ಸ್, ಕ್ಯಾಮೆರಾ ಜಾಗ ಬಿಟ್ಟಿದೆ. ನಡುವೆ ಚೂಪಾಗಿದ್ದು, ಫೋಟೋ ಅಂಚಿನ ಕಡೆ ಹೋದಂಗೆ ದೂರದ ವಸ್ತುವೂ ಎರಡಾಗ್ತಾ ಹೋದ್ರೆ ಲೆನ್ಸಿನ ಡಿಸ್ಟಾರ್ಷನ್ ಮೇಲೆ ಅನುಮಾನ ಪಡಬೇಕು. ಅದಕ್ಕೆ ಚೆಸ್‌ಬೋರ್ಡ್ ಹಿಡಿದು ಕ್ಯಾಲಿಬ್ರೇಷನ್ ಮಾಡಿ `cv2.undistort` ಹಾಕಬೇಕು. ಎಲ್ಲವೂ ಸರಿಯಾಗಿ ಕೂತು ಬರೀ ಬೆಳಕಿನ ಮೆಟ್ಟಿಲು ಕಂಡ್ರೆ ಎಕ್ಸ್‌ಪೋಷರ್ ಬದಲಾಗಿದೆ, ಅಷ್ಟೇ. ಈ ಮೂರನೇ ಕಾಯಿಲೆಗೆ ಮಾತ್ರ ಬ್ಲೆಂಡಿಂಗ್ ನಿಜವಾದ ಔಷಧಿ. ನಾವು ಮೂರಕ್ಕೂ ಅದನ್ನೇ ಕುಡಿಸ್ತೀವಿ.

ನಮ್ಮ ಸೀನಿಯರ್ ಒಬ್ಬರು ಇದನ್ನ ಒಪ್ಪಲಿಲ್ಲ. "ಲೋ, ಬ್ಯಾನರ್ ಚೆನ್ನಾಗಿ ಕಂಡ್ರೆ ಸಾಕಲ್ವೇನ್ರೋ, ಕಂಬ ಎಣಿಸೋಕೆ ಯಾರು ಬರ್ತಾರೆ" ಅಂದರು. ವಾಟ್ಸಾಪ್ ಸ್ಟೇಟಸ್ಸಿಗಾದ್ರೆ ನಾವೂ ಹಾಗೇ ಅಂತೀವಿ. ಆದರೆ ಇದೇ ಎರಡು ಸಾಲಿನ ಕೋಡನ್ನ ಸಿವಿಲ್ ಬ್ರಾಂಚ್ ಗೆಳೆಯರು ಗೋಡೆಯ ಬಿರುಕಿನ ಫೋಟೋ ಜೋಡಿಸೋಕೆ ಕೇಳಿಕೊಂಡು ಹೋಗಿದ್ದಾರೆ. 80 ಪಿಕ್ಸೆಲ್ ದಪ್ಪದ ಕಂಬವನ್ನೇ ನುಂಗಿದ್ದು ಕೂದಲೆಳೆ ಬಿರುಕನ್ನ ಬಿಡುತ್ತಾ? ಇನ್ನೊಂದು ವಿಷಯ: ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಸೀಮ್ ಹುಡುಕೋದು ಪೂರ್ತಿ ಫೋಟೋ ಮೇಲೆ ಅಲ್ಲ, 0.1 ಮೆಗಾಪಿಕ್ಸೆಲ್‌ಗೆ ಇಳಿಸಿದ ಪ್ರತಿಯ ಮೇಲೆ. ನಮ್ಮ 4000 ಪಿಕ್ಸೆಲ್ ಅಗಲ ಅಲ್ಲಿ ಸುಮಾರು 365 ಆಗಿರುತ್ತೆ. ಸಣ್ಣ ಬಿರುಕು ಆ ಪ್ರತಿಯಲ್ಲಿ ಇರೋದೇ ಇಲ್ಲ. ಇಲ್ಲದ್ದನ್ನ ತಪ್ಪಿಸಿ ಹೋಗು ಅಂದ್ರೆ ಹೇಗೆ ಹೋಗುತ್ತೆ?

ಅಂದಹಾಗೆ, ಸಮತಟ್ಟಾದ ಗೋಡೆಯೊಂದೇ ವಿಷಯ ಆಗಿದ್ರೆ ಪಕ್ಕಕ್ಕೆ ನಡೆಯುತ್ತಾ ಫೋಟೋ ತೆಗೆದ್ರೂ ಹೋಮೋಗ್ರಫಿ ಸರಿಹೋಗುತ್ತೆ, ಯಾಕಂದ್ರೆ ಎಲ್ಲಾ ಒಂದೇ ಸಮತಲ. ಅಲ್ಲಿ ನಮ್ಮ ಹಾಗೆ ತಿರುಗೋ ಅಗತ್ಯವೇ ಇಲ್ಲ. ಗೋಡೆ ಮುಂದೆ ಪೈಪು, ಸಜ್ಜಾ ಇದ್ದರೆ ಮತ್ತೆ ಕಂಬದ ಕಥೆ.

ಪರಿಹಾರ ಕೋಡಲ್ಲಿ ಇರಲಿಲ್ಲ. ಕಸಬರಿಗೆಯ ಉದ್ದ ಕೋಲು ನೆಲಕ್ಕೆ ಊರಿ, ಅದರ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಫೋನ್ ಕಟ್ಟಿದೆವು. ಲೆನ್ಸ್ ಸರಿಯಾಗಿ ಕೋಲಿನ ಮೇಲೆ ಬರೋ ಹಾಗೆ. ಈಗ ನಾವು ಕೋಲಿನ ಸುತ್ತ ನಡೆಯಬೇಕು, ಕೋಲು ನಿಂತಲ್ಲೇ ತಿರುಗಬೇಕು. ನೋಡಿದವರು ನಕ್ಕರು, ನಗಲಿ. ಲೆನ್ಸ್ ಒಂದು ಸೆಂಟಿಮೀಟರ್ ಸರಿದ್ರೂ ಕಂಬ-ಗೋಡೆ ವ್ಯತ್ಯಾಸ 7-8 ಪಿಕ್ಸೆಲ್ ಮಾತ್ರ. ಮೊದಲು ನಾವು ಹಿಂದೆ ಹೋಗಿ ಕಂಬದಿಂದ 9 ಮೀಟರ್, ಗೋಡೆಯಿಂದ 18 ಮೀಟರ್ ದೂರದಿಂದ ಕೈಯಲ್ಲೇ ಹಿಡಿದು ಪ್ರಯತ್ನ ಮಾಡಿದ್ದೆವು. ಆಗ ವ್ಯತ್ಯಾಸ ಸುಮಾರು 28 ಪಿಕ್ಸೆಲ್ಲಿಗೆ ಇಳಿಯಿತು, ಆದರೆ ಕಟ್ಟಡವೂ ಚಿಕ್ಕದಾಯ್ತು. ಕೋಲೇ ವಾಸಿ. ಜೊತೆಗೆ ಸ್ಕ್ರೀನ್ ಮೇಲೆ ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿದೆವು.

ಆದರೂ ಎಲ್ಲಾ ದೋಷ ಹೋಗಲ್ಲ, ಇದನ್ನೂ ಹೇಳಲೇಬೇಕು. ನಮ್ಮ ಐದು ಫೋಟೋ ಸೇರಿ ಸುಮಾರು 147 ಡಿಗ್ರಿ ನೋಟ. ಇದನ್ನ ಚಪ್ಪಟೆ ಸಮತಲದ ಮೇಲೆ ಹಾಸಿದ್ರೆ ಗೆರೆಗಳು ನೇರ ಉಳಿಯುತ್ತವೆ, ಆದರೆ ಅಂಚಿನ ವಸ್ತುಗಳು ರಬ್ಬರಿನ ಹಾಗೆ ಎಳೆದುಕೊಳ್ಳುತ್ತವೆ: ನಡುವಿನಿಂದ 45 ಡಿಗ್ರಿಯಲ್ಲಿ ಅಡ್ಡಕ್ಕೆ ಎರಡು ಪಟ್ಟು, 60ರಲ್ಲಿ ನಾಲ್ಕು ಪಟ್ಟು, ನಮ್ಮ ಅಂಚಿನಲ್ಲಿ ಹತ್ತು ಪಟ್ಟು ದಾಟುತ್ತೆ. ಅದಕ್ಕೇ `Stitcher` ಡಿಫಾಲ್ಟ್ ಆಗಿ ಗೋಳದ ಮೇಲೆ ಹಾಸುತ್ತೆ. ಅಲ್ಲಿ ಕಂಬಗಳ ದಪ್ಪ ಹದವಾಗಿರುತ್ತೆ, ಬದಲಿಗೆ ನೇರ ಗೋಡೆ ಬಾಳೆಹಣ್ಣಿನ ಹಾಗೆ ಬಾಗುತ್ತೆ. ಉಂಡೆಯ ಮೇಲಿನ ನೋಟವನ್ನ ಹಾಳೆ ಮೇಲೆ ಬಿಡಿಸುವಾಗ ಎರಡರಲ್ಲಿ ಒಂದನ್ನ ಬಿಡಲೇಬೇಕು.

ಲ್ಯಾಬ್ ನಡೆಸುವವರಲ್ಲಿ ನಮ್ಮ ಕೋರಿಕೆ ಒಂದೇ: ಪನೋರಮಾ ಪ್ರಯೋಗದ ರೆಕಾರ್ಡಲ್ಲಿ ಕೊನೆಯ ಚಿತ್ರದ ಪಕ್ಕ `half.jpg` ಕೂಡ ಅಂಟಿಸೋದು ಕಡ್ಡಾಯ ಮಾಡಿ. ಅದರಲ್ಲಿ ಏನು ಎರಡಾಗಿದೆ, ಯಾಕೆ ಅಂತ ವೈವಾದಲ್ಲಿ ಕೇಳಿ. ಸೊಗಸಾದ ಚಿತ್ರಕ್ಕೆ ಮಾರ್ಕ್ಸ್ ಕಮ್ಮಿ ಮಾಡಿದ್ರೂ ಪರವಾಗಿಲ್ಲ.

ಹೊಸ ಬ್ಯಾನರ್ ಈಗ ಲೈಬ್ರರಿ ಒಳಗೆ ಮೆಟ್ಟಿಲ ಪಕ್ಕ ಇದೆ. ಒಂಬತ್ತು ಕಂಬ ಬಂದಿವೆ, ಮೂರನೇದರಲ್ಲಿ ಕೊಡೆ ಸಮೇತ. ಪ್ಯಾರಾಪೆಟ್ ಬಾಗಿದೆ, ಅದನ್ನ ಹಾಗೇ ಬಿಟ್ಟಿದ್ದೇವೆ.