ರಜೆ ಕೇಳಲು ನಾಲ್ಕು ಸಾಲು ಸಾಕು

ಜ್ವರ ಬಂದ ದಿನ ಬೆಳಿಗ್ಗೆ ವಿದ್ಯಾರ್ಥಿಗಳು ಕಳಿಸುವ ಇಮೇಲ್‌ನಲ್ಲಿ ಕಾಯಿಲೆಯ ವಿವರವೇ ಉದ್ದ. ರಿಜಿಸ್ಟರ್ ನಂಬರೇ ಇರುವುದಿಲ್ಲ. ಹಾಜರಿ ಹಾಕುವ ನಮಗೆ ಬೇಕಿರುವುದು ಇಷ್ಟು:

“ಮೇಡಂ, ನಿನ್ನೆ ರಾತ್ರಿಯಿಂದ ಜ್ವರವಿದೆ. ಇಂದಿನ ತರಗತಿಗೂ ಮಧ್ಯಾಹ್ನದ ಲ್ಯಾಬ್‌ಗೂ ಬರಲಾಗುತ್ತಿಲ್ಲ. ದಯವಿಟ್ಟು ಒಂದು ದಿನ ರಜೆ ಕೊಡಿ. ವೈದ್ಯರ ಚೀಟಿಯ ಫೋಟೊ ಲಗತ್ತಿಸಿದ್ದೇನೆ, ಮೂಲಪ್ರತಿಯನ್ನು ಬಂದ ದಿನ ತೋರಿಸುತ್ತೇನೆ.” ಕೆಳಗೆ ಹೆಸರು, ತರಗತಿ, ನಂಬರ್.

ಚೀಟಿಯ ಮೇಲಿನ ದಿನಾಂಕ, ಸಹಿ, ವೈದ್ಯರ ನೋಂದಣಿ ಸಂಖ್ಯೆ ಸ್ಪಷ್ಟವಾಗಿ ಕಾಣಬೇಕು. ಬರೀ ಮಾತ್ರೆಯ ಫೋಟೊ ಪುರಾವೆಯಾಗದು. ಆದರೆ ಬೆಳಿಗ್ಗೆ ಎಂಟಕ್ಕೆ ಎಷ್ಟು ಕ್ಲಿನಿಕ್‌ಗಳು ತೆರೆದಿರುತ್ತವೆ? “ಚೀಟಿಯನ್ನು ಸಂಜೆಯೊಳಗೆ ಕಳಿಸುತ್ತೇನೆ” ಎಂದು ಬರೆದರೂ ಅಧ್ಯಾಪಕರು ಒಪ್ಪಬೇಕು. ಇಲ್ಲವಾದರೆ ಮಕ್ಕಳು ಹಳೆಯ ಚೀಟಿಯ ದಿನಾಂಕ ತಿದ್ದುವ ದಾರಿ ಹಿಡಿಯುತ್ತಾರೆ.

– ಉಪನ್ಯಾಸಕಿ, ಮೈಸೂರು